ಸೋಫಾದೆದುರಿನ ಓವರ್‌ಲ್ಯಾಪ್

ಕಮಲಾಪುರದ ಮೈದಾನದಲ್ಲಿ ಅವತ್ತು ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಚೆಂಡಲ್ಲ, ಗೋಲುಕಂಬವಲ್ಲ, ಸೋಫಾ. ಕೆಂಪು ಮಖಮಲ್ಲಿನ ಹೊದಿಕೆ ಹಾಕಿದ ಉದ್ದನೆಯ ಸೋಫಾಗಳು ಶಾಮಿಯಾನದ ಕೆಳಗೆ ಸಾಲಾಗಿ ಕೂತಿದ್ದವು. ಅವುಗಳ ಮುಂದೆ ಟೀಪಾಯಿ, ಟೀಪಾಯಿಯ ಮೇಲೆ ನೀರಿನ ಬಾಟಲಿ, ಆ ಊರಿನ ಕೆಂಪು ಬಾಳೆಹಣ್ಣಿನ ಚಿಪ್ಪು. ಇಷ್ಟೆಲ್ಲ ಇಡಲು ಜಾಗ ಸಾಲದೆ ಸಂಘಟಕರು ಮೈದಾನದ ಅಂಚಿನ ಗೆರೆಯನ್ನೇ ಒಳಕ್ಕೆ ಸರಿಸಿದ್ದರು. ಹಳೆಯ ಸುಣ್ಣದ ಗೆರೆ ಸೋಫಾದ ಕಾಲುಗಳ ನಡುವೆ ಕಾಣುತ್ತಿತ್ತು. ಹೊಸ ಗೆರೆ ಅತಿಥಿಗಳ ಬೂಟಿನ ಮುಂದೆ, ಒದ್ದೆ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ.

ಎದುರಿನ ಗೆರೆಯನ್ನು ಆದರೂ ಅಷ್ಟೇ ಹೊರಕ್ಕೆ ಸರಿಸಿದ್ದರೆ? ಇಲ್ಲ. ಹಾಗಾಗಿ ಮೈದಾನವೇ ಒಂದು ಕಡೆ ಕಿರಿದಾಗಿತ್ತು. ನಮ್ಮ ಕಡೆ ಯಾವ ಆಟಕ್ಕೂ ಇದು ತಪ್ಪಿದ್ದಲ್ಲ. ಆಟ ನಡೆಯುವುದು ಸೋಫಾಕ್ಕಾಗಿ, ಆಟಗಾರರು ಸೋಫಾದ ಮುಂದಿನ ಧೂಳು.

ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆಪಾಠ ಹೇಳುವ ಮಾಸ್ತರ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಸಂಜೆ ಗಣಿತ, ಬೆಳಿಗ್ಗೆ ಫುಟ್‌ಬಾಲ್. ನಮ್ಮ ಕ್ಲಬ್ಬಿನ ಎಡಗಡೆ ವಿಂಗರ್ ನಾನು. ವಯಸ್ಸು ಮೂವತ್ತು ದಾಟಿದೆ, ಮೊಣಕಾಲು ಮಾತಾಡಲು ಕಲಿತಿದೆ, ಆದರೂ ಎಡಗಾಲು ಇನ್ನೂ ನಂಬಿಕೆಗೆ ಯೋಗ್ಯ. ಬಲಗಾಲಿನ ಬಗ್ಗೆ ಹೇಳುವುದಾದರೆ, ಅದು ಎಡಗಾಲು ಒದೆಯುವಾಗ ನಾನು ಬೀಳದಂತೆ ನಿಲ್ಲಲು ಇರುವ ಕಾಲು, ಅಷ್ಟೇ.

ನನ್ನ ಹಿಂದೆ ಎಡ ಫುಲ್‌ಬ್ಯಾಕ್ ಆಗಿ ಆಡುತ್ತಿದ್ದವನು ರೋಜಾ ಬಡಾವಣೆಯವನು. ದರ್ಗಾದ ಹತ್ತಿರ ಚಾದರ ಮಾರುವ ಅಂಗಡಿಯಲ್ಲಿ ಕೆಲಸ. ಉರುಸಿನ ದಿನಗಳಲ್ಲಿ ಅವನ ಮುಖ ಮೈದಾನದಲ್ಲಿ ಕಾಣಿಸುತ್ತಿರಲಿಲ್ಲ. ಉಳಿದ ದಿನಗಳಲ್ಲಿ ನನಗಿಂತ ಮೊದಲು ಬಂದು ಮೈದಾನದ ಸುತ್ತ ಓಡುತ್ತಿದ್ದ. ಆ ವರ್ಷ ಅವನಿಗೆ ಜಿಲ್ಲಾ ತಂಡದಲ್ಲಿ ಜಾಗ ಬೇಕೇ ಬೇಕಿತ್ತು. ಜಿಲ್ಲೆಯ ಪರವಾಗಿ ರಾಜ್ಯಮಟ್ಟದಲ್ಲಿ ಆಡಿದ ಪ್ರಮಾಣಪತ್ರ ಸಿಕ್ಕರೆ ಕ್ರೀಡಾ ಕೋಟಾದಲ್ಲಿ ಸರಕಾರಿ ನೌಕರಿಗೆ ಅರ್ಜಿ ಹಾಕಬಹುದು. ಅರ್ಜಿಗೆ ವಯಸ್ಸಿನ ಮಿತಿ ಇತ್ತು, ಅವನಿಗೆ ಅದೇ ಕೊನೆಯ ವರ್ಷ. ಅವನ ನಿಕಾಹ್ ಕೂಡ ಆ ನೌಕರಿಯನ್ನೇ ಕಾಯುತ್ತಿತ್ತು ಎಂದು ಜಗತ್ ಸರ್ಕಲ್‌ನ ಚಹಾದಂಗಡಿಯಲ್ಲಿ ಒಮ್ಮೆ ಹೇಳಿದ್ದ. ಹೇಳಿ, ನಾಚಿಕೊಂಡು, ನನ್ನ ಚಹಾದ ದುಡ್ಡನ್ನೂ ತಾನೇ ಕೊಟ್ಟಿದ್ದ.

ಜಿಲ್ಲಾ ತಂಡವನ್ನು ಆರಿಸುವ ಸಾಹೇಬರು ಕಮಲಾಪುರದ ಪಂದ್ಯ ನೋಡಲು ಬಂದಿದ್ದರು. ಬಿಳಿ ಪ್ಯಾಂಟು, ಬಿಳಿ ಬೂಟು, ಕುತ್ತಿಗೆಯಲ್ಲಿ ಸೀಟಿ. ಆ ಸೀಟಿ ಊದಿದ್ದನ್ನು ನಾನು ಕೇಳಿಲ್ಲ. ಪಂದ್ಯಕ್ಕೆ ಮೊದಲು ಅವರು ನಮ್ಮ ತಂಡವನ್ನು ಸೋಫಾದ ಮುಂದೆ ನಿಲ್ಲಿಸಿಕೊಂಡರು, ತಾವು ಮಾತ್ರ ಏಳಲಿಲ್ಲ. ಬಾಳೆಹಣ್ಣು ಸುಲಿಯುತ್ತ ನಮ್ಮ ಫುಲ್‌ಬ್ಯಾಕ್‌ನನ್ನು ಕರೆದರು.

"ಇಲ್ನೋಡಪ, ಬ್ಯಾಕ್ ಆದವ ಈಗ ಹಿಂದ ಕುಂದ್ರೋ ಕಾಲ ಹೋತು. ಗೆರಿ ಹಿಡ್ಕೊಂಡ ಹೊರಗಿಂದ ಮ್ಯಾಲ ಓಡಬೇಕು. ಓವರ್‌ಲ್ಯಾಪ್. ನಾ ಅದನ್ನಷ್ಟ ನೋಡಾಂವ."

"ಹೌದ್ರಿ ಸಾಹೇಬ್ರ," ಎಂದ ಅವನು.

ಸಾಹೇಬರು ಸಿಪ್ಪೆಯನ್ನು ಹೊಸ ಗೆರೆಯ ಮೇಲೆ ಒಗೆದರು. ನಾನೇ ಬಗ್ಗಿ ತೆಗೆದೆ. ಅದಕ್ಕೂ ಅವರು, "ಶಾಣ್ಯಾ ಇದ್ದೀರಿ ಮಾಸ್ತರ್ರ" ಎಂದರು.

ಓವರ್‌ಲ್ಯಾಪ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯಾವ ವಿಂಗರ್‌ಗೆ, ಯಾವ ಜಾಗದಲ್ಲಿ ಎಂಬುದು ಮಾತು. ವಿಂಗರ್‌ನ ಹತ್ತಿರ ಚೆಂಡಿದೆ, ಎದುರು ತಂಡದ ಬ್ಯಾಕ್ ಅವನ ಮುಂದೆ ನಿಂತಿದ್ದಾನೆ ಎಂದುಕೊಳ್ಳಿ. ಆಗ ನಮ್ಮ ಫುಲ್‌ಬ್ಯಾಕ್ ಹಿಂದಿನಿಂದ ಬಂದು ವಿಂಗರ್ ಮತ್ತು ಅಂಚಿನ ಗೆರೆಯ ನಡುವೆ, ಹೊರಗಡೆಯಿಂದ, ಮುಂದೆ ಓಡುತ್ತಾನೆ. ಅದು ಓವರ್‌ಲ್ಯಾಪ್. ಎದುರಾಳಿ ಬ್ಯಾಕ್ ಅವನನ್ನು ತಡೆಯಲು ಹೊರಗೆ ಸರಿದರೆ ವಿಂಗರ್‌ಗೆ ಒಳಗಡೆ ಬಯಲಾಗುತ್ತದೆ. ಸರಿಯದಿದ್ದರೆ ಚೆಂಡನ್ನು ಗೆರೆಯುದ್ದಕ್ಕೂ ದಾಟಿಸಿದರಾಯಿತು, ಫುಲ್‌ಬ್ಯಾಕ್ ಮೂಲೆಯ ಹತ್ತಿರ ಹೋಗಿ ಕ್ರಾಸ್ ಹಾಕುತ್ತಾನೆ. ಸೊಗಸಾದ ಆಟ. ಆದರೆ ಇದಕ್ಕೆ ಎರಡು ಬೇಕು: ಹೊರಗೆ ಓಡಲು ಜಾಗ, ಮತ್ತು ಒಳಗೆ ತಿರುಗಿ ಒದೆಯಬಲ್ಲ ವಿಂಗರ್. ಎಡಗಡೆಯಲ್ಲಿ ಒಳಗೆ ತಿರುಗಿದರೆ ಚೆಂಡು ಬರುವುದು ಬಲಗಾಲಿಗೆ. ನನ್ನ ಬಲಗಾಲಿನ ಪುರಾಣ ಆಗಲೇ ಹೇಳಿದ್ದೇನೆ. ಜಾಗದ ಮೇಲೆ ಸಾಹೇಬರು ಕೂತಿದ್ದರು.

ಮೊದಲಾರ್ಧದಲ್ಲಿ ನಮ್ಮ ಎಡಗಡೆ ಸೋಫಾದ ಬದಿಗೇ ಬಂತು. ನಾನು ಚೆಂಡು ಹಿಡಿದ ಕೂಡಲೇ ಅವನು, ಸಾಹೇಬರು ಹೇಳಿದಂತೆ, ಹೊರಗಿನಿಂದ ಓಡಿದ. ಇದ್ದ ಸಂದಿನಲ್ಲಿ ನಾನು, ಅವನು, ಎದುರಾಳಿ ಬ್ಯಾಕ್ ಮೂವರೂ ಸಿಟಿ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಂತೆ ಸಿಕ್ಕಿಕೊಂಡೆವು. ಎದುರಾಳಿ ಬ್ಯಾಕ್ ಹೆಜ್ಜೆ ಕಿತ್ತಿಡಬೇಕಾಗಿಯೂ ಬರಲಿಲ್ಲ. ಒಬ್ಬನೇ ನಿಂತು ನಮ್ಮಿಬ್ಬರನ್ನೂ ಮುಚ್ಚಿದ. ನಾನು ಹೊರಗೆ ಕೊಟ್ಟ ಚೆಂಡು ಗೆರೆ ದಾಟಿ ಟೀಪಾಯಿಗೆ ಬಡಿಯಿತು. ಇನ್ನೊಂದು ಸಲ ಒಳಗೆ ತಿರುಗಿದೆ, ಬಲಗಾಲು ಹಾಕಿದೆ, ಚೆಂಡು ಮೆಲ್ಲಗೆ ಉರುಳಿ ಅವರ ಗೋಲ್‌ಕೀಪರ್‌ನ ಕೈಗೆ ಹೋಗಿ ಕೂತಿತು. ಮತ್ತೊಂದು ಸಲ ಚೆಂಡು ನಮ್ಮ ಕಾಲಿನಿಂದ ತಪ್ಪಿತು. ನಮ್ಮ ಫುಲ್‌ಬ್ಯಾಕ್ ಇನ್ನೂ ಮೇಲೆ ಮೂಲೆಯಲ್ಲಿದ್ದ, ಅವನು ಬಿಟ್ಟು ಬಂದ ಖಾಲಿ ಜಾಗದಲ್ಲೇ ಅವರು ನುಗ್ಗಿ ಗೋಲು ಹೊಡೆದರು.

ಇಷ್ಟಾದರೂ ಸೋಫಾದಿಂದ ಚಪ್ಪಾಳೆ. ಗೋಲಿಗಲ್ಲ, ಇವನ ಓಟಕ್ಕೆ. ಕಣ್ಣೆದುರಿಗೇ, ಬೂಟಿಗೆ ಧೂಳು ಹಾರುವಷ್ಟು ಹತ್ತಿರ ಒಬ್ಬ ಓಡಿದರೆ ಅತಿಥಿಗಳಿಗೆ ಅದೇ ಫುಟ್‌ಬಾಲ್. "ಭಲೇ, ಭಲೇ" ಎಂದರು ಸಾಹೇಬರು. ಒಬ್ಬರು ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಂಡರು. ನಾವು ಸೋಲುತ್ತಿದ್ದೇವೆ, ಇವನಿಗೆ ಭಲೇ. ನನಗೆ ಬಂದ ಅಸಹ್ಯ ಯಾವ ಮಟ್ಟದ್ದೆಂದರೆ, ಚೆಂಡನ್ನು ಬೇಕೆಂದೇ ಆ ಮೊಬೈಲಿಗೆ ಒದೆಯೋಣ ಅನಿಸಿತು. ಒದೆಯಬೇಕಾದದ್ದು ಎಡಗಾಲೇ ಆಗಿದ್ದರೆ ಒದೆದೂ ಬಿಡುತ್ತಿದ್ದೆನೇನೋ.

ಗೋಲಾದ ಮೇಲೆ ಚೆಂಡು ನಡುವಿಗೆ ಹೋಗುವಾಗ ಅವನು ನನ್ನ ಪಕ್ಕಕ್ಕೆ ಬಂದ. ಉಸಿರು ಏರಿತ್ತು.

"ಸರ, ಹೊರಗ ಜಗಾ ಇಲ್ರಿ. ಒಳಗಿಂದ ಬರ್ತೀನಿ."

"ಸಾಹೇಬ್ರು ಏನ್ ಹೇಳ್ಯಾರ ನೆನಪೈತಿಲ್ಲ? ಅವರು ನೋಡೂದ ಅದನ್ನ."

"ಸೋತ ಟೀಮಿನಾಗಿಂದ ಯಾರನ್ನ ತಗೋತಾರ್ರಿ ಸರ? ನೀವು ಗೆರಿ ಬಿಡಬ್ಯಾಡ್ರಿ. ಅಂವ ನಿಮ್ಮ ಮ್ಯಾಲ ಬರ್ಲಿ. ಅಲ್ಲೀತನ ಚೆಂಡ್ ಕೊಡಬ್ಯಾಡ್ರಿ."

ಮುಂದಿನ ಸಲ ನಾನು ಗೆರೆಗೆ ಅಂಟಿಕೊಂಡು ನಿಂತೆ. ಬೆನ್ನಿಗೆ ಸೋಫಾ, ಕಿವಿಯಲ್ಲಿ ಯಾರೋ ಬಾಳೆಹಣ್ಣು ಜಗಿಯುವ ಸದ್ದು. ಚೆಂಡು ಕಾಲಿಗೆ ಬಂತು, ಎದುರಾಳಿ ಬ್ಯಾಕ್ ನನ್ನನ್ನು ಹಿಡಿಯಲು ಅಂಚಿಗೆ ಬಂದ. ಅವನು ಅಂಚಿಗೆ ಬಂದರೆ ಅವನಿಗೂ ಅವರ ನಡುವಿನ ಸೆಂಟರ್ ಬ್ಯಾಕ್‌ಗೂ ನಡುವೆ ಒಂದು ಓಣಿ ತೆರೆಯುತ್ತದೆ. ನಮ್ಮವನು ನನ್ನ ಹೊರಗಡೆ ಬರಲಿಲ್ಲ. ಒಳಗಡೆಯಿಂದ, ಆ ಓಣಿಯನ್ನೇ ಹಿಡಿದು ಓಡಿದ. ಇದು ಅಂಡರ್‌ಲ್ಯಾಪ್. ಎದುರಾಳಿ ಬ್ಯಾಕ್‌ನ ಬೆನ್ನಹಿಂದೆ ನಡೆಯುವ ಓಟ, ಅವನಿಗೆ ಅದು ಕಾಣುವುದೇ ಇಲ್ಲ. ನಮ್ಮವನು ಅವರ ಕೊನೆಯ ರಕ್ಷಣಾ ಆಟಗಾರನನ್ನು ದಾಟುವ ಮೊದಲೇ ಚೆಂಡು ನನ್ನ ಕಾಲು ಬಿಟ್ಟಿರಬೇಕು, ತಡವಾದರೆ ಆಫ್‌ಸೈಡ್. ಎಡಗಾಲಿನ ಒಳಮೈಯಿಂದ ಮೆಲ್ಲಗೆ ತಳ್ಳಿದೆ. ಗೆರೆಯಲ್ಲಿ ನಿಂತ ಎಡಗಾಲಿನವನಿಗೆ ಇಷ್ಟು ಸಲೀಸಾದ ಪಾಸು ಮತ್ತೊಂದಿಲ್ಲ. ಅವನು ಪೆನಾಲ್ಟಿ ಪೆಟ್ಟಿಗೆಯೊಳಗೇ ಚೆಂಡು ಹಿಡಿದ, ಗೋಲಿನ ಗೆರೆಯವರೆಗೆ ಹೋದ. ಅಲ್ಲಿಂದ ಎತ್ತಿ ಹಾಕುವ ಕ್ರಾಸ್ ಬೇಡ. ಅವರ ರಕ್ಷಣೆಯವರೆಲ್ಲ ತಮ್ಮ ಗೋಲಿನ ಕಡೆಗೆ ಮುಖ ಮಾಡಿ ಓಡುತ್ತಿರುತ್ತಾರೆ, ಚೆಂಡನ್ನು ನೆಲದ ಮೇಲೆ ಹಿಂದಕ್ಕೆ ಎಳೆದು ಕೊಟ್ಟರೆ ಮುಗಿಯಿತು. ಎಳೆದು ಕೊಟ್ಟ. ನಮ್ಮ ಸ್ಟ್ರೈಕರ್ ನಿಂತಲ್ಲೇ ಕಾಲು ಹಚ್ಚಿದ. ಗೋಲು.

ಸೋಫಾದಿಂದ ಚಪ್ಪಾಳೆ ಬಂತು, ಸ್ಟ್ರೈಕರ್‌ಗೆ.

ಎರಡನೆಯ ಅರ್ಧದಲ್ಲಿ ನಮ್ಮ ಎಡಗಡೆ ಎದುರಿನ ಬದಿಗೆ ಹೋಯಿತು, ಸೋಫಾ ಇಲ್ಲದ ಕಡೆ. ಅಷ್ಟು ಹೊತ್ತಿಗೆ ಎದುರಾಳಿ ಬ್ಯಾಕ್‌ಗೂ ಬುದ್ಧಿ ಬಂದಿತ್ತು. ನಮ್ಮವನು ಒಳಗೆ ಓಡುತ್ತಲೇ ಓಣಿ ಮುಚ್ಚಲು ಅವನೂ ಒಳಗೆ ಸರಿದ. ಸರಿದರೆ ಸರಿಯಲಿ, ಆಗ ಹೊರಗಡೆ ನನಗೆ ಪೂರಾ ಖಾಲಿ. ನಾನು ಗೆರೆಯುದ್ದಕ್ಕೂ ಎಡಗಾಲಿನಲ್ಲೇ ಚೆಂಡು ಒಯ್ದು ಮೂಲೆಯ ಹತ್ತಿರದಿಂದ ಕ್ರಾಸ್ ಎತ್ತಿದೆ. ಎಡಗಡೆಯಿಂದ ಎಡಗಾಲಿನ ಕ್ರಾಸ್ ಗೋಲ್‌ಕೀಪರ್‌ನಿಂದ ಆಚೆಗೆ ಬಾಗುತ್ತದೆ, ಓಡಿ ಬರುವವನ ತಲೆಗೆ ಬರುತ್ತದೆ. ಅದೂ ಗೋಲಾಯಿತು. ಆ ಗೋಲಿನಲ್ಲಿ ನಮ್ಮ ಫುಲ್‌ಬ್ಯಾಕ್ ಚೆಂಡನ್ನು ಮುಟ್ಟಲೇ ಇಲ್ಲ. ಆದರೆ ಅವನು ಆ ಓಟ ಓಡದಿದ್ದರೆ ನಾನು ಅಲ್ಲಿಯೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ನಾವು ಗೆದ್ದೆವು.

ಗೆದ್ದ ಖುಷಿಯಲ್ಲಿ ಸಾಹೇಬರ ಮುಂದೆ ಹೋದೆವು. ಅವರು ನಮ್ಮವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೊದಲ ಛಲೋ ಓಡಾಕತ್ತಿದ್ದಿ. ಆಮ್ಯಾಲ ಏನಾತು? ಗೆರಿ ಬಿಟ್ಟ ನಡುವ ಹೋಗಿ ಯಾರ್ಯಾರದೋ ಜಾಗಾದಾಗ ತಿರಗಾಕತ್ತಿದಿ. ಸೆಕೆಂಡ್ ಹಾಫ್‌ನಾಗಂತೂ ನೀ ಎಲ್ಲಿ ಹೋದಿ ಅಂತ ಕಾಣಲೇ ಇಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಸಾಹೇಬ್ರ, ಅಂವ ಒಳಗ ಹೋಗಿದ್ದಕ್ಕ ಎರಡೂ ಗೋಲ್ ಆದವು."

"ಗೋಲ್ ಹೊಡದಾಂವ ಸ್ಟ್ರೈಕರ್ರಿ ಮಾಸ್ತರ್ರ. ಕಲ್ಬುರ್ಗಿಗೆ ಟ್ರಯಲ್ಸಿಗೆ ಕಳಸ್ರಿ, ಇನ್ನೊಮ್ಮೆ ನೋಡ್ತೀನಿ. ಅಲ್ಲಿ ಗೆರಿ ಬಿಟ್ರ ಮಾತ್ರ ಮನಿಗೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಡೊಂಕು ಮಾಡಿದವರೇ ಕೂತುಕೊಂಡು ಕುಣಿತದಲ್ಲಿ ತಪ್ಪು ಹುಡುಕುತ್ತಿದ್ದರು. ವಾಪಸು ಬರುವಾಗ ಟೆಂಪೋದಲ್ಲಿ ನಾನು ಕಲಬುರಗಿ ಮುಟ್ಟುವವರೆಗೂ ಬೈದೆ. ಅವನು ಕಿಟಕಿಗೆ ತಲೆ ಹಚ್ಚಿ, "ಫಿಕರ್ ಮಾಡಬ್ಯಾಡ್ರಿ ಸರ, ಇನ್ನೊಮ್ಮೆ ಕರದಾರಲ್ಲ" ಎಂದ. ಅವನ ಆ ಸಮಾಧಾನವೂ ನನಗೆ ಮೈ ಉರಿಸಿತು.

ಟ್ರಯಲ್ಸ್ ನಡೆದದ್ದು ಕಲಬುರಗಿಯಲ್ಲಿ, ಅಗಲವಾದ ಮೈದಾನದಲ್ಲಿ. ನನಗೆ ಆಡುವ ಕರೆ ಇರಲಿಲ್ಲ, ಕ್ಲಬ್ಬಿನ ಕಡೆಯಿಂದ ಜೊತೆಗೆ ಹೋಗಿದ್ದೆ. ಅವನ ಮುಂದೆ ಎಡ ವಿಂಗರ್ ಆಗಿ ಬೇರೆ ಕ್ಲಬ್ಬಿನ ಒಬ್ಬನನ್ನು ಹಾಕಿದರು. ಆ ವಿಂಗರ್ ಬಲಗಾಲಿನವನು. ಇವನು ರೂಢಿಯಂತೆ ಮೊದಲ ಸಲ ಒಳಗಿನಿಂದ ಓಡಿದ. ಆ ವಿಂಗರ್ ಕೂಡ ತನ್ನ ಬಲಗಾಲು ಹುಡುಕಿಕೊಂಡು ಒಳಗೇ ತಿರುಗಿದ್ದ. ಇಬ್ಬರೂ ಒಂದೇ ಓಣಿಯಲ್ಲಿ ಹೆಗಲಿಗೆ ಹೆಗಲು ಹೊಡೆದುಕೊಂಡು ಬಿದ್ದರು. ಸಾಹೇಬರು ಪಕ್ಕದವರ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ಮುಗಿಯಿತು ಇವನ ಕತೆ ಎಂದುಕೊಂಡೆ.

ಇವನು ಎದ್ದು, ಆ ವಿಂಗರ್‌ನ ಕಾಲನ್ನೊಮ್ಮೆ ನೋಡಿದ. ನೋಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಮುಂದಿನ ಸಲ ಹೊರಗಿನಿಂದ ಓಡಿದ. ಅಲ್ಲಿ ಓಡಲು ಬೇಕಾದಷ್ಟು ಜಾಗವಿತ್ತು, ಗೆರೆ ಗೆರೆಯ ಜಾಗದಲ್ಲೇ ಇತ್ತು. ಎದುರಾಳಿ ಬ್ಯಾಕ್ ಇವನ ಹಿಂದೆ ಹೊರಗೆ ಸರಿದ, ವಿಂಗರ್ ಒಳಗೆ ತಿರುಗಿ ಬಲಗಾಲಿನಿಂದ ಗೋಲಿನ ಕಡೆಗೆ ಬಾಗುವ ಕ್ರಾಸ್ ಹಾಕಿದ. ಅದರ ಮುಂದಿನ ಸಲ ಬ್ಯಾಕ್ ಒಳಗೇ ನಿಂತ. ವಿಂಗರ್ ಇವನು ಪಕ್ಕಕ್ಕೆ ಬರುವವರೆಗೆ ಚೆಂಡು ಹಿಡಿದು ಕಾದು ಹೊರಗೆ ಬಿಟ್ಟ, ಇವನು ಓಡುತ್ತಲೇ ಎಡಗಾಲಿನಿಂದ ಕ್ರಾಸ್ ಹಾಕಿದ. ಎರಡೂ ಸಲ ಗೋಲು. ಅದೇ ಓವರ್‌ಲ್ಯಾಪ್. ಕಮಲಾಪುರದಲ್ಲಿ ನನ್ನ ಜೊತೆ ಅದು ಹೆಣ, ಇಲ್ಲಿ ಆ ಬಲಗಾಲಿನವನ ಜೊತೆ ಜೀವಂತ. ಇವನು ಹಾಗೆ ಓಡಿದ್ದು ಯಾರ ಮಾತಿಗೂ ಅಲ್ಲ, ಮುಂದಿದ್ದವನ ಕಾಲು ನೋಡಿ. ಅವತ್ತು ಅವನ ಬಗ್ಗೆ ಪಟ್ಟಷ್ಟು ಹೆಮ್ಮೆಯನ್ನು ನನ್ನ ಯಾವ ವಿದ್ಯಾರ್ಥಿಯ ಬಗ್ಗೆಯೂ ಪಟ್ಟಿಲ್ಲ.

ಆಟ ಮುಗಿದ ಮೇಲೆ ಸಭೆ. ಸಭೆ ಇಲ್ಲದೆ ನಮ್ಮಲ್ಲಿ ಏನು ಮುಗಿದಿದೆ? ಮೈಕು ಬಂತು, ಶಾಲುಗಳು ಬಂದವು. ಸಾಹೇಬರ ಕೈಯಲ್ಲಿ ಆಯ್ಕೆಯಾದವರ ಪಟ್ಟಿ, ಇನ್ನೂ ಸಹಿ ಹಾಕಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಗೇ ಹಿಡಿದುಕೊಂಡು ಮಾತು ಶುರು ಮಾಡಿದರು.

"ಈ ಹುಡುಗನ ಉದಾಹರಣಿ ಹೇಳ್ತೀನಿ. ಕಮಲಾಪುರದಾಗ ಇಂವ ದಾರಿ ತಪ್ಪಿದ ದನದ್ಹಂಗ ಮೈದಾನದ ತುಂಬ ತಿರಗಾಕತ್ತಿದ್ದ. ನಾ ಒಂದ ಮಾತ್ ಹೇಳ್ದೆ. ಇವತ್ತ ನೋಡ್ರಿ. ಹೌದಲ್ಲೋ?"

"ಹೌದ್ರಿ ಸಾಹೇಬ್ರ. ನೀವು ಹೇಳಿದ್ದಕ್ಕ ಆತ್ರಿ," ಎಂದ ಇವನು, ಕೈ ಕಟ್ಟಿಕೊಂಡು.

ಆ ಕ್ಷಣ ಅವನೂ ನನಗೆ ಹೇಸಿಗೆ ತರಿಸಿದ, ಸುಳ್ಳು ಹೇಳುವುದಿಲ್ಲ. ಇಷ್ಟು ಚೆನ್ನಾಗಿ ಆಡಬಲ್ಲ ಮನುಷ್ಯ ಇಷ್ಟು ಸಲೀಸಾಗಿ ಬಗ್ಗಬಹುದೇ ಅನಿಸಿತು. ಅಷ್ಟರಲ್ಲಿ ಸಾಹೇಬರ ಕಣ್ಣು ನನ್ನ ಮೇಲೆ ಬಿತ್ತು.

"ಮಾಸ್ತರ್ರ, ಬರ್ರಿ. ನೀವಂತೂ ಇವನ ಜೋಡಿ ಆಡಾವ್ರು. ಕಮಲಾಪುರದಾಗ ನನ್ನ ಜೋಡಿ ವಾದ ಬ್ಯಾರೆ ಹಾಕಿದ್ರಿ. ಈಗ ನೀವ ಹೇಳ್ರಿ, ಇವನ್ನ ತಿದ್ದಿದಾವ್ರು ಯಾರು?"

ಜನ ನಕ್ಕರು. ಮೈಕನ್ನು ನನ್ನ ಕೈಗೆ ಕೊಟ್ಟರು. ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಗೆರೆ, ಸೋಫಾ, ಎಡಗಾಲು, ಬಲಗಾಲು, ಎಲ್ಲವನ್ನೂ ಹಲಗೆಯ ಮೇಲೆ ಲೆಕ್ಕ ಬಿಡಿಸಿದಂತೆ ಬಿಡಿಸಿ ಹೇಳುವ ಉತ್ತರ. ಟೆಂಪೋದಲ್ಲಿ ಅದನ್ನೇ ಬೈಗುಳ ಸೇರಿಸಿ ಬಾಯಿಪಾಠ ಮಾಡಿದ್ದೆ. ಸಾಹೇಬರ ಪೆನ್ನು ಕಾಗದದ ಮೇಲೆ, ಮುಟ್ಟದೆ ನಿಂತಿತ್ತು. ನಾನು ಅವನ ಕಡೆ ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ತನ್ನ ಬೂಟಿನ ಲೇಸನ್ನು ನೋಡುತ್ತಿದ್ದ. ಏನನ್ನೂ ಬೇಡಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಸಾಹೇಬ್ರ ತಿದ್ದಿದ್ರು," ಎಂದೆ. "ಓವರ್‌ಲ್ಯಾಪ್ ಅಂದ್ರ ಏನಂತ ಅವರ ಕಲಿಸಿದ್ರು."

ಚಪ್ಪಾಳೆಯಾಯಿತು. ಸಾಹೇಬರು ಸಹಿ ಹಾಕಿ ಹೆಸರುಗಳನ್ನು ಓದಿದರು, ಅವನ ಹೆಸರೂ ಬಂತು. ಅವನು ನನ್ನ ಮುಂಗೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ. ಅಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಇಷ್ಟು ವರ್ಷ ಮೆಲುಕು ಹಾಕುತ್ತಿರಲಿಲ್ಲ. ಅವನಿಗಾಗಿ ಒಂದು ಸುಳ್ಳು ಹೇಳಿದೆ, ನೌಕರಿ ಸಿಕ್ಕಿತು, ನಿಕಾಹ್ ಆಯಿತು, ನಾನೂ ಬಿರಿಯಾನಿಯ ಬದಲು ಪ್ರತ್ಯೇಕವಾಗಿ ಮಾಡಿಸಿದ್ದ ಪಲಾವು ತಿಂದು ಬಂದೆ. ಆ ಸುಳ್ಳಿಗೆ ನನಗೆ ನಾಚಿಕೆ ಇಲ್ಲ.

ಆದರೆ ಸಭೆ ಮುಗಿದು ಜನ ಕರಗಿದ ಮೇಲೆ, ಸಾಹೇಬರು ಕಾರಿನ ಬಾಗಿಲು ತೆಗೆಯುತ್ತ ನನ್ನ ಕಡೆ ತಿರುಗಿದರು. ಪಟ್ಟಿ ಆಗಲೇ ಅವರ ಬ್ಯಾಗಿನಲ್ಲಿತ್ತು, ಸಹಿ ಒಣಗಿತ್ತು. ಅವನು ದೂರದಲ್ಲಿ ಗೆಳೆಯರ ಜೊತೆ ನಿಂತಿದ್ದ. ಅಲ್ಲಿ ನಾವಿಬ್ಬರೇ.

"ಹಂಗಾರ ಒಪ್ಪಿದ್ರಿಲ್ಲ ಮಾಸ್ತರ್ರ, ಬ್ಯಾಕ್ ಆದವ ಹೊರಗಿಂದನ ಓಡಬೇಕು ಅಂತ?"

ಈಗ ಹೇಳಬಹುದಿತ್ತು. ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

"ಹೌದ್ರಿ ಸಾಹೇಬ್ರ," ಎಂದೆ, ಮತ್ತು ಅವರು ಕೂತ ಮೇಲೆ ಕಾರಿನ ಬಾಗಿಲನ್ನು ನಾನೇ ಹಾಕಿದೆ.